ರಮ್ಮಿ ಕೌಶಲದ ಆಟ ನಿಜ, ಆದರೆ ನೂರಕ್ಕೆ 56 ಗೆಲ್ಲಬೇಕು

(ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳನ್ನು ಆಮೇಲೆ ಕೂತು ಬರೆದದ್ದು. ಬೋರ್ಡಿನ ಮೇಲೆ ಹಾಕಿದ ಲೆಕ್ಕಗಳನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.)

ಜೂಜಿನ ಬಗ್ಗೆ ಮಾತಾಡಲು ನಿಂತವರೆಲ್ಲ ಧರ್ಮರಾಯನಿಂದಲೇ ಶುರು ಮಾಡುತ್ತಾರೆ. ನಾನು ಅವನನ್ನು ಅವನ ಪಾಡಿಗೆ ಬಿಟ್ಟುಬಿಡುತ್ತೇನೆ. ನಾನು ಮೂವತ್ತು ವರ್ಷ ಸಂಖ್ಯಾಶಾಸ್ತ್ರ ಪಾಠ ಮಾಡಿದವನು. ನೀತಿ ಹೇಳಲು ಬಂದಿಲ್ಲ, ಲೆಕ್ಕ ಹೇಳಲು ಬಂದಿದ್ದೇನೆ.

ನನ್ನ ಅಣ್ಣನ ಮಗನಿಂದ ಶುರು ಮಾಡುತ್ತೇನೆ. 2022ರಲ್ಲಿ ಅವನು ಮೊಬೈಲಿನಲ್ಲಿ ರಮ್ಮಿ ಆಡುತ್ತಿದ್ದ. ಚೆನ್ನಾಗಿಯೇ ಆಡುತ್ತಿದ್ದ. ನಮ್ಮ ಮನೆಯಲ್ಲಿ ಯುಗಾದಿ ಮಾರನೇ ದಿನ, ವರ್ಷತೊಡಕಿಗೆ ಎಲ್ಲರೂ ಎಲೆ ಹಿಡಿದು ಕೂರುತ್ತೇವೆ. ಅವನ ಕೈಗೆ ಸಿಕ್ಕಿದರೆ ನಮ್ಮದೆಲ್ಲ ಖಾಲಿ. ಹಾಗಾಗಿ ಅವನಿಗೆ ಧೈರ್ಯ ಜಾಸ್ತಿ. ನಾನು ಕೇಳಿದಾಗ ಒಂದೇ ಮಾತು ಹೇಳಿದ: "ಚಿಕ್ಕಪ್ಪ, ಇದು ಜೂಜಲ್ಲ. ಸುಪ್ರೀಂ ಕೋರ್ಟೇ ಕೌಶಲದ ಆಟ ಅಂತ ಹೇಳಿದೆ."

ಅವನು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಆದರೆ ಆ ತೀರ್ಪು ಯಾವ ಪ್ರಶ್ನೆಗೆ ಉತ್ತರ ಕೊಟ್ಟಿತು ಅನ್ನುವುದನ್ನು ಅವನು ನೋಡಿರಲಿಲ್ಲ.

1963ರಲ್ಲಿ ಸಿಕಂದರಾಬಾದಿನ ಒಂದು ಕ್ಲಬ್ಬಿನ ಮೇಲೆ ಪೊಲೀಸರು ದಾಳಿ ಮಾಡಿದರು. ಅಲ್ಲಿ ಕೆಲವರು ದುಡ್ಡು ಇಟ್ಟು ರಮ್ಮಿ ಆಡುತ್ತಿದ್ದರು. ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆಂಧ್ರಪ್ರದೇಶ ಸರ್ಕಾರ ಮತ್ತು ಸತ್ಯನಾರಾಯಣ ಎಂಬವರ ನಡುವಿನ ಕೇಸು ಅಂತ ಅದು ಹೆಸರಾಗಿದೆ. ರಮ್ಮಿಯಲ್ಲಿ ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಎಸೆಯಬೇಕು ಎಂದು ತಿಳಿದಿರಬೇಕು, ಹಾಗಾಗಿ ಇದು ಮುಖ್ಯವಾಗಿ ಕೌಶಲದ ಆಟ ಎಂದು ಕೋರ್ಟ್ ಹೇಳಿತು. ಅದೇ ತೀರ್ಪಿನಲ್ಲಿ ಮೂರು ಎಲೆಯ ಆಟ ಪೂರ್ತಿ ಅದೃಷ್ಟದ್ದು ಅಂತಲೂ ಇದೆ. ಇನ್ನೊಂದು ಮಾತೂ ಇದೆ. ಅದನ್ನು ಯಾವ ಜಾಹೀರಾತಿನಲ್ಲೂ ನಾನು ನೋಡಿಲ್ಲ. ಪಣ ಇಟ್ಟು ಆಡುವ ಆಟದಿಂದ ಮನೆಯ ಅಥವಾ ಕ್ಲಬ್ಬಿನ ಒಡೆಯ ಲಾಭ ಮಾಡಿಕೊಳ್ಳುತ್ತಿದ್ದಾನೆ ಎಂದು ಸಾಬೀತಾದರೆ, ಆಗ ಅಪರಾಧ ಆಗಬಹುದು ಎಂದು ಕೋರ್ಟ್ ಹೇಳಿತ್ತು.

ಒಟ್ಟಿನಲ್ಲಿ ಕೋರ್ಟ್ ಕೇಳಿಕೊಂಡ ಪ್ರಶ್ನೆ ಇಷ್ಟು: ಈ ಆಟದಲ್ಲಿ ಯಾವುದು ಹೆಚ್ಚು, ಬುದ್ಧಿಯೋ ಅದೃಷ್ಟವೋ? ಹಾಕಿದ ದುಡ್ಡು ವಾಪಸ್ ಬರುತ್ತದಾ ಅನ್ನುವುದು ಬೇರೆಯೇ ಪ್ರಶ್ನೆ. ಅದನ್ನು ಯಾರೂ ಕೋರ್ಟಿನಲ್ಲಿ ಕೇಳಿರಲಿಲ್ಲ.

ಆ ಎರಡನೇ ಪ್ರಶ್ನೆಯನ್ನು ಈಗ ನಾವು ಕೇಳೋಣ.

ನಮ್ಮ ಮನೆಯ ವರ್ಷತೊಡಕಿನಲ್ಲಿ ನಾವು ಹುಣಸೆ ಬೀಜ ಇಟ್ಟು ಆಡುತ್ತೇವೆ. ನಾಲ್ಕು ಜನ, ತಲಾ ಐವತ್ತು ಬೀಜ. ರಾತ್ರಿ ಎಣಿಸಿದರೆ ಇನ್ನೂರು ಬೀಜ ಇದ್ದೇ ಇರುತ್ತವೆ. ಒಬ್ಬರ ಮಡಿಲಿನಿಂದ ಇನ್ನೊಬ್ಬರ ಮಡಿಲಿಗೆ ಹೋಗಿರುತ್ತವೆ, ಅಷ್ಟೆ. ಈಗ ಪಕ್ಕದ ಮನೆಯವರೊಬ್ಬರು ಬಂದು, "ಚಾಪೆ ನನ್ನದು, ಎಲೆ ಹಂಚುವುದೂ ನಾನೇ, ಪ್ರತಿ ಆಟಕ್ಕೂ ಹತ್ತರಲ್ಲಿ ಒಂದು ಬೀಜ ನನಗೆ" ಅಂದರು ಅಂತ ಇಟ್ಟುಕೊಳ್ಳಿ. ರಾತ್ರಿ ಎಣಿಸಿದಾಗ ನಾಲ್ಕು ಜನರ ಹತ್ತಿರ ಒಟ್ಟು ಎಷ್ಟು ಉಳಿದಿರುತ್ತದೆ? ಚೆನ್ನಾಗಿ ಆಡುವವನೂ ಬರಿಗೈಯಲ್ಲಿ ಏಳುವಷ್ಟು ಹೊತ್ತು ಆಡಿಸಬಹುದು, ಅಲ್ವಾ?

ಆ್ಯಪ್ ಅನ್ನುವುದು ಆ ಪಕ್ಕದ ಮನೆಯವರು.

ದುಡ್ಡಿನಲ್ಲಿ ನೋಡೋಣ. ಇಬ್ಬರು ಆಡುವ ಟೇಬಲ್. ತಲಾ 100 ರೂಪಾಯಿ ಹಾಕುತ್ತಾರೆ. ಒಟ್ಟು 200. ಆ್ಯಪ್ ಹತ್ತು ಪರ್ಸೆಂಟ್ ಕಮಿಷನ್ ಹಿಡಿಯುತ್ತದೆ ಅಂದುಕೊಳ್ಳೋಣ. ಗೆದ್ದವನಿಗೆ 180 ಬರುತ್ತದೆ. ಅಂದರೆ ಗೆದ್ದರೆ ಲಾಭ 80, ಸೋತರೆ ನಷ್ಟ 100. ಇಷ್ಟು ಗೊತ್ತಾದರೆ ಸಾಕು, ಮಿಕ್ಕಿದ್ದು ಕೂಡು-ಕಳೆ.

ನೀವೂ ಎದುರಿನವನೂ ಸರಿಸಮ ಆಟಗಾರರು ಅಂದುಕೊಳ್ಳಿ. ನೂರು ಆಟದಲ್ಲಿ ಐವತ್ತು ನಿಮಗೆ, ಐವತ್ತು ಅವನಿಗೆ. ನಿಮ್ಮ ಲಾಭ 4,000, ನಷ್ಟ 5,000. ಸಾವಿರ ರೂಪಾಯಿ ಹೋಯಿತು. ಎದುರಿನವನಿಗೂ ಸಾವಿರ ಹೋಯಿತು. ಇಬ್ಬರೂ ಸೋತಿರಿ! ಇಬ್ಬರಲ್ಲಿ ಯಾರೂ ದಡ್ಡರಲ್ಲ, ಯಾರೂ ಮೋಸ ಮಾಡಿಲ್ಲ.

ಸರಿ, ನೀವು ಸ್ವಲ್ಪ ಜಾಣರು. ನೂರರಲ್ಲಿ 52 ಗೆಲ್ಲುತ್ತೀರಿ. ಲಾಭ 4,160, ನಷ್ಟ 4,800. ಇನ್ನೂ 640 ರೂಪಾಯಿ ಹೋಯಿತು. 55 ಗೆದ್ದರೂ ನೂರು ರೂಪಾಯಿ ಕೈಬಿಡುತ್ತದೆ. 56ಕ್ಕೆ ಬಂದಾಗ ಮೊದಲ ಸಲ ಲಾಭ ಕಾಣುತ್ತದೆ. ಎಷ್ಟು? ನೂರು ಆಟಕ್ಕೆ 80 ರೂಪಾಯಿ. ಕಮಿಷನ್ ಹದಿನೈದು ಪರ್ಸೆಂಟ್ ಆದರೆ 59 ಗೆಲ್ಲಬೇಕು.

ಕೌಶಲ ಅನ್ನುವುದು ಎದುರಿನವನಿಗೆ ಹೋಲಿಸಿ ಮಾತ್ರ ಇರುವಂಥದ್ದು. ನನ್ನ ಅಣ್ಣನ ಮಗ ನಮ್ಮ ಮನೆಯಲ್ಲಿ ಗೆಲ್ಲುತ್ತಿದ್ದುದು ಯಾರ ಎದುರು? ನನ್ನ ಎದುರು, ನಮ್ಮ ಅತ್ತಿಗೆಯ ಎದುರು. ನಾನು ಜೋಕರನ್ನೇ ಎಸೆಯುವವನು. ಆ್ಯಪಿನಲ್ಲಿ ರಾತ್ರಿ ಹನ್ನೊಂದಕ್ಕೆ ಕೂರುವವರು ನನ್ನಂಥವರಲ್ಲ. ನನ್ನಂಥವರು ಮೊದಲ ತಿಂಗಳಲ್ಲೇ ದುಡ್ಡು ಕಳೆದುಕೊಂಡು ಎದ್ದು ಹೋಗಿರುತ್ತಾರೆ. ಉಳಿದವರು ಅವನಷ್ಟೇ ಆಡಬಲ್ಲವರು, ಇಲ್ಲವೇ ಅವನಿಗಿಂತ ಗಟ್ಟಿಗರು. ಅವರ ಎದುರು ನೂರಕ್ಕೆ 56 ಗೆಲ್ಲುವುದು ಸುಮ್ನೆ ಮಾತಲ್ಲ.

ಎಲೆ ಹಂಚುವ ಪ್ರೋಗ್ರಾಂ ಸರಿಯಾಗಿದೆ, ಯಾರ ಪರವೂ ಇಲ್ಲ ಎಂದು ಕಂಪನಿಗಳು ಸರ್ಟಿಫಿಕೇಟ್ ತೋರಿಸುತ್ತಿದ್ದವು. ಇರಲಿ, ನಂಬೋಣ. ಎಲೆ ನ್ಯಾಯವಾಗಿ ಬೀಳುತ್ತದೆ ಅನ್ನುವುದಕ್ಕೆ ಅದು ಸಾಕ್ಷಿ. ಮೇಲಿನ ಲೆಕ್ಕದಲ್ಲೂ ಎಲೆ ನ್ಯಾಯವಾಗಿಯೇ ಬಿದ್ದಿತ್ತು.

ಇಲ್ಲಿ ಹಿಂದಿನ ಸಾಲಿನಲ್ಲಿದ್ದ ಹುಡುಗನೊಬ್ಬ ಕೈ ಎತ್ತಿದ. "ಸಾರ್, ಇಷ್ಟು ಸುಲಭದ ಲೆಕ್ಕ ಆಡುವವರಿಗೆ ಯಾಕೆ ಗೊತ್ತಾಗಲ್ಲ?" ಒಳ್ಳೆಯ ಪ್ರಶ್ನೆ. ಇಡೀ ಮಾತಿನಲ್ಲಿ ನನಗೆ ಇಷ್ಟವಾದ ಭಾಗ ಅದಕ್ಕೆ ಕೊಟ್ಟ ಉತ್ತರವೇ.

ಸರಿಸಮ ಆಟಗಾರ ದಿನಕ್ಕೆ ಮೂವತ್ತು ಆಟ ಆಡುತ್ತಾನೆ ಅಂದುಕೊಳ್ಳಿ. ಸರಾಸರಿ ಆಟಕ್ಕೆ ಹತ್ತು ರೂಪಾಯಿ ನಷ್ಟ, ಅಂದರೆ ದಿನಕ್ಕೆ 300. ಆದರೆ ಸರಾಸರಿ ಅನ್ನುವುದು ದಿನಾ ಬಾಗಿಲು ತಟ್ಟಿ ಬರುವುದಿಲ್ಲ. ಒಂದು ದಿನ 12 ಗೆಲ್ಲುತ್ತಾನೆ, ಒಂದು ದಿನ 19. ಮೂವತ್ತರಲ್ಲಿ 17 ಗೆದ್ದರೆ ಆ ದಿನ 60 ರೂಪಾಯಿ ಲಾಭ. 17 ಅಥವಾ ಅದಕ್ಕಿಂತ ಹೆಚ್ಚು ಗೆಲ್ಲುವ ಸಾಧ್ಯತೆ ಎಷ್ಟು? ನಾಣ್ಯ ಚಿಮ್ಮುವ ಲೆಕ್ಕವೇ ಇದು. ಸುಮಾರು 29 ಪರ್ಸೆಂಟ್ ಬರುತ್ತದೆ. ಅಂದರೆ ಹತ್ತು ದಿನದಲ್ಲಿ ಹೆಚ್ಚುಕಡಿಮೆ ಮೂರು ದಿನ ಅವನು ಗೆದ್ದೇ ಮಲಗುತ್ತಾನೆ.

ಈಗ ಅದನ್ನೇ ತಿಂಗಳಿಗೆ ಹಿಗ್ಗಿಸಿ. ಒಂಬೈನೂರು ಆಟ. ಲಾಭ ಕಾಣಬೇಕಾದರೆ ಐನೂರಕ್ಕಿಂತ ಹೆಚ್ಚು ಗೆಲ್ಲಬೇಕು. ಸರಿಸಮ ಆಟಗಾರನಿಗೆ ಇದು ಆಗುವುದು ಎರಡು ಸಾವಿರಕ್ಕೆ ಒಂದು ಸಲಕ್ಕಿಂತಲೂ ಅಪರೂಪ. ಮೂರು ದಿನಕ್ಕೊಮ್ಮೆ ಗೆಲ್ಲುವವನು ತಿಂಗಳ ಕೊನೆಗೆ ಗೆದ್ದಿರುವುದು ಸಾಧ್ಯವೇ ಇಲ್ಲ ಅನ್ನುವಷ್ಟು ಕಮ್ಮಿ. ಎರಡೂ ಒಂದೇ ಆಟ, ಒಂದೇ ಕೈ. ದಿನದ ಲೆಕ್ಕ ಇಟ್ಟುಕೊಳ್ಳುವವನಿಗೆ ಇದು ಆಸೆಯ ಹಾಗೆ ಕಾಣುತ್ತದೆ. ತಿಂಗಳ ಲೆಕ್ಕ ಇಟ್ಟವನಿಗೆ ಬಾಡಿಗೆಯ ಹಾಗೆ ಕಾಣುತ್ತದೆ, ತಪ್ಪದೆ ಹೋಗುವ ಬಾಡಿಗೆ.

ನನ್ನ ಅಣ್ಣನ ಮಗನ ಬ್ಯಾಂಕ್ ಸ್ಟೇಟ್‌ಮೆಂಟ್ ತರಿಸಿದೆ. ಒಂದು ಹಾಳೆಯಲ್ಲಿ ಎರಡು ಪಟ್ಟಿ ಬರೆಸಿದೆ. ಎಡಗಡೆ ಆ್ಯಪಿಗೆ ಹೋದದ್ದು, ಬಲಗಡೆ ಆ್ಯಪಿನಿಂದ ಬಂದದ್ದು. ಎಡಗಡೆ ಸಣ್ಣ ಸಣ್ಣವು: 200, 500, 300, ಒಂದೇ ರಾತ್ರಿ ನಾಲ್ಕು ಸಲ 500. ಬಲಗಡೆ ಕಮ್ಮಿ, ಆದರೆ ದೊಡ್ಡವು: 4,000, 6,500. ಅವನಿಗೆ ಬಲಗಡೆಯ ಪ್ರತಿಯೊಂದೂ ನೆನಪಿತ್ತು, ಯಾವ ದಿನ, ಯಾವ ಕೈ ಅಂತ. ಎಡಗಡೆಯದು ಒಂದೂ ನೆನಪಿರಲಿಲ್ಲ. ನಾಲ್ಕು ತಿಂಗಳಿಗೆ ಎಡಗಡೆ ಮೊತ್ತ 61,400. ಬಲಗಡೆ 22,500. "ಚಿಕ್ಕಪ್ಪ, ನಾನು ಹೆಚ್ಚುಕಡಿಮೆ ಸರಿಸಮ ಇದ್ದೀನಿ ಅಂದ್ಕೊಂಡಿದ್ದೆ" ಅಂದ. ಆಟದಲ್ಲಿ ನಿಜಕ್ಕೂ ಸರಿಸಮನೇ ಇದ್ದ. ಸರಿಸಮ ಇದ್ದವನಿಗೆ ನಾಲ್ಕು ತಿಂಗಳಿಗೆ ಎಷ್ಟು ಹೋಗಬೇಕೋ ಹತ್ತಿರಹತ್ತಿರ ಅಷ್ಟೇ ಹೋಗಿತ್ತು.

ತೆರಿಗೆಯನ್ನು ನಾನು ಇನ್ನೂ ಸೇರಿಸಿಲ್ಲ. 2023ರ ಏಪ್ರಿಲ್‌ನಿಂದ ನಿವ್ವಳ ಗೆಲುವಿನ ಮೇಲೆ 30 ಪರ್ಸೆಂಟ್ ಟಿಡಿಎಸ್ ಬಂತು. ಅದೇ ವರ್ಷ ಅಕ್ಟೋಬರ್ 1ರಿಂದ ಹಾಕುವ ದುಡ್ಡಿನ ಮೇಲೇ 28 ಪರ್ಸೆಂಟ್ ಜಿಎಸ್‌ಟಿ ಬಂತು. 100 ರೂಪಾಯಿ ಹಾಕಿದರೆ ಸುಮಾರು 22 ರೂಪಾಯಿ ತೆರಿಗೆಗೆ. ಅದನ್ನು ಬೋನಸ್ ಕೊಟ್ಟು ತುಂಬಿಕೊಡುತ್ತೇವೆ ಎಂದು ಕೆಲವು ಕಂಪನಿಗಳು ಹೇಳಿದವು. ಬೋನಸ್ ಅನ್ನುವುದು ಕೈಗೆ ಬರುವ ದುಡ್ಡಲ್ಲ, ಇನ್ನಷ್ಟು ಆಡಿದರೆ ಬಿಡಿಸಿಕೊಳ್ಳಬಹುದಾದ ದುಡ್ಡು.

ಈಗ ಜೂಜಿನ ಕಡೆಗೆ ಬರೋಣ. ಇದು ಕೌಶಲವೋ ಅದೃಷ್ಟವೋ ಎಂದು ನೋಡಲು ಒಂದು ಸುಲಭ ಪರೀಕ್ಷೆ ಇದೆ. ಬೇಕೂಂತಲೇ ಸೋಲಬಲ್ಲಿರಾ? ರಮ್ಮಿಯಲ್ಲಿ ಸೋಲಬಹುದು. ಜೋಕರ್ ಎಸೆದು, ಕಟ್ಟಿದ ಸೀಕ್ವೆನ್ಸ್ ಒಡೆದರೆ ಆಯಿತು. ಅಂದರ್ ಬಾಹರ್‌ನಲ್ಲಿ ಆಗುವುದಿಲ್ಲ. ಸೋಲೋಣ ಅಂತ ಬಾಹರ್‌ಗೆ ಇಟ್ಟರೂ ಗೆದ್ದುಬಿಡಬಹುದು. ಕೆಂಪು, ಹಸಿರು ಬಣ್ಣ ಹೇಳುವ ಆ್ಯಪುಗಳೂ ಹೀಗೆಯೇ. ಕಳೆದ ಇಪ್ಪತ್ತು ಬಣ್ಣಗಳ ಪಟ್ಟಿಯನ್ನು ಸ್ಕ್ರೀನಿನಲ್ಲಿ ತೋರಿಸುತ್ತಾರೆ. ನೋಡಿ ಏನೋ ಲೆಕ್ಕ ಹಾಕಿದ ಹಾಗೆ ನಮಗೆ ಅನಿಸಬೇಕು, ಅದಕ್ಕೆ.

ಆದರೆ ಈ ಪರೀಕ್ಷೆಯನ್ನೂ ದಾಟುವ ಒಂದು ಜೂಜು ಇದೆ. ವಿಮಾನ ಹಾರುವ ಆಟ. ದುಡ್ಡು ಇಡುತ್ತೀರಿ, ವಿಮಾನ ಮೇಲೇರುತ್ತದೆ, ಪಕ್ಕದಲ್ಲಿ 1.2, 1.5, 2 ಅಂತ ಸಂಖ್ಯೆ ಏರುತ್ತಾ ಹೋಗುತ್ತದೆ. ವಿಮಾನ ಮಾಯವಾಗುವ ಮೊದಲು ಬಟನ್ ಒತ್ತಿದರೆ ಅಷ್ಟು ಪಟ್ಟು ದುಡ್ಡು. ಒತ್ತದಿದ್ದರೆ ಇಟ್ಟದ್ದೂ ಹೋಯಿತು. ಇಲ್ಲಿ ಬೇಕೂಂತಲೇ ಸೋಲಬಹುದು, ಬಟನ್ ಒತ್ತದೇ ಕೂತರೆ ಆಯಿತು. ಹಾಗಾದರೆ ಕೌಶಲವಾ?

ಅಲ್ಲ. ಇಂಥ ಆಟಗಳಲ್ಲಿ ನೂರಕ್ಕೆ 97 ವಾಪಸ್ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದನ್ನು ನಿಜ ಅಂತಲೇ ಇಟ್ಟುಕೊಳ್ಳಿ. ವಿಮಾನ ಎರಡು ಪಟ್ಟು ಮುಟ್ಟುವುದು ಸಾವಿರದಲ್ಲಿ 485 ಸಲ. ತಲಾ 100 ಇಟ್ಟು ಯಾವಾಗಲೂ ಎರಡಕ್ಕೆ ಒತ್ತಿದರೆ, ಹಾಕಿದ್ದು ಒಂದು ಲಕ್ಷ, ಬಂದದ್ದು 97,000. ಹತ್ತು ಪಟ್ಟಿನ ತನಕ ಕಾಯುತ್ತೀರಾ? ಸಾವಿರದಲ್ಲಿ 97 ಸಲ ಮುಟ್ಟುತ್ತದೆ, ಪ್ರತಿ ಸಲ ಸಾವಿರ ರೂಪಾಯಿ. ಮತ್ತೆ 97,000. ಹೆದರಿಕೊಂಡು 1.1ಕ್ಕೇ ಒತ್ತುತ್ತೀರಾ? ಸುಮಾರು 882 ಸಲ, ತಲಾ 110. ಮತ್ತೆ ಅಲ್ಲಿಗೇ ಬಂದು ನಿಂತಿತು. ಬಟನ್ ನಿಮ್ಮ ಕೈಯಲ್ಲೇ ಇದೆ, ಯಾವಾಗ ಒತ್ತಿದರೂ ಸರಾಸರಿ ಒಂದೇ. ಹತ್ತು ವರ್ಷ ಅಭ್ಯಾಸ ಮಾಡಿದವನೂ ನಿನ್ನೆ ಶುರು ಮಾಡಿದವನೂ ಇಲ್ಲಿ ಸಮ. ಹಾಗಾಗಿ ಕೇಳಬೇಕಾದದ್ದು, ಅಭ್ಯಾಸ ಮಾಡಿದರೆ ಸರಾಸರಿ ಮೇಲೇರುತ್ತದಾ ಅಂತ. ರಮ್ಮಿಯಲ್ಲಿ ಏರುತ್ತದೆ, ಇಲ್ಲಿ ಏರುವುದಿಲ್ಲ.

ಜೂಜಿಗೆ ಬುದ್ಧಿಯ ಬಣ್ಣ ಬಳಿಯುವುದು ಹೊಸದೇನಲ್ಲ. 1950ರ ದಶಕದಲ್ಲಿ ನಮ್ಮ ಬೆಂಗಳೂರಿನಲ್ಲೇ ಅಚ್ಚಾಗುತ್ತಿದ್ದ 'ಸ್ಪೋರ್ಟಿಂಗ್ ಸ್ಟಾರ್' ಅನ್ನುವ ವಾರಪತ್ರಿಕೆ ಪದಬಂಧದ ಸ್ಪರ್ಧೆ ನಡೆಸುತ್ತಿತ್ತು. ಪ್ರವೇಶ ಶುಲ್ಕ ಕಟ್ಟಿ ಉತ್ತರ ಕಳಿಸಬೇಕು. ಪದಬಂಧ ಅಂದಮೇಲೆ ಬುದ್ಧಿಯ ಆಟವೇ ತಾನೇ? ಆದರೆ ಸರಿ ಉತ್ತರ ಅಂದರೆ ಮೊದಲೇ ಗುಟ್ಟಾಗಿ ಇಟ್ಟ ಉತ್ತರಕ್ಕೆ ಹೊಂದಿಕೊಂಡದ್ದು. ಮುಂಬೈ ಸರ್ಕಾರದ ಜೊತೆಗಿನ ಕೇಸಿನಲ್ಲಿ 1957ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಜೂಜು ಎಂದೇ ಹೇಳಿತು. ಪತ್ರಿಕೆ ಹೋಗಿ ಮೊಬೈಲು ಬಂದಿದೆ, ಪದಬಂಧ ಹೋಗಿ ವಿಮಾನ ಬಂದಿದೆ.

ಇಷ್ಟು ಹೇಳುವಷ್ಟರಲ್ಲಿ ನಮ್ಮ ಬೀದಿಯ ಆಟೋ ಓಡಿಸುವವರು ಎದ್ದು ನಿಂತು ಚೆನ್ನಾಗಿ ಹಿಡಿದರು. "ಸಾರ್, ರಮ್ಮಿಯಲ್ಲಿ ನೂರಕ್ಕೆ ಹತ್ತು ಹೋಗುತ್ತೆ ಅಂದ್ರಿ. ವಿಮಾನದಲ್ಲಿ ಮೂರೇ ಹೋಗುತ್ತೆ. ಹಾಗಾದ್ರೆ ಜೂಜೇ ವಾಸಿ ಅಲ್ವಾ?"

ಎಲ್ಲರೂ ನಕ್ಕರು. ಆದರೆ ಅವರು ಕೇಳಿದ್ದು ಸರಿಯಾಗಿತ್ತು. ಒಂದು ಆಟಕ್ಕೆ ನೋಡಿದರೆ ಹಾಗೆಯೇ ಕಾಣುತ್ತದೆ. ಗಂಟೆಗೆ ನೋಡಬೇಕು. ರಮ್ಮಿ ಗಂಟೆಗೆ ಹತ್ತು ಆಟ ಆದರೆ, ಸರಿಸಮ ಆಟಗಾರನಿಗೆ ನೂರು ರೂಪಾಯಿ ಟೇಬಲಿನಲ್ಲಿ ಗಂಟೆಗೆ ನೂರು ರೂಪಾಯಿ ನಷ್ಟ. ವಿಮಾನ ನಿಮಿಷಕ್ಕೆ ಎರಡು ಸಲ ಹಾರಿದರೂ ಗಂಟೆಗೆ 120 ಸಲ. ಸಲಕ್ಕೆ ಮೂರು ರೂಪಾಯಿಯಂತೆ 360. ಅಂಗಡಿಯವನು ಲಾಭ ಕಮ್ಮಿ ಇಟ್ಟು ವ್ಯಾಪಾರ ಜಾಸ್ತಿ ಮಾಡಿದ ಹಾಗೆ. ಅದಲ್ಲದೆ ರಮ್ಮಿಯಲ್ಲಿ ಎಲೆ ಜೋಡಿಸುವಾಗ ಒಂದು ಉಸಿರು ಬಿಡಲು ಸಮಯ ಇರುತ್ತದೆ. ವಿಮಾನದಲ್ಲಿ ಸೋತ ಬೇಜಾರು ಇಳಿಯುವ ಮೊದಲೇ ಮುಂದಿನದು ಹಾರಿರುತ್ತದೆ. ಆಗಲೇ ಜನ ನೂರರ ಜಾಗದಲ್ಲಿ ಐನೂರು ಇಡುವುದು. ಕಳೆದದ್ದನ್ನು ವಾಪಸ್ ತರಲು ಪಣ ಏರಿಸಿದರೆ ಹೋಗುವ ಪಾಲೂ ಅಷ್ಟೇ ಪಟ್ಟು ಏರುತ್ತದೆ.

ಕಾನೂನಿನ ಈಗಿನ ಸ್ಥಿತಿಯನ್ನು ಬೇಗ ಹೇಳಿಬಿಡುತ್ತೇನೆ. ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಕೌಶಲದ್ದನ್ನೂ ಸೇರಿಸಿ, ತಡೆಯಲು ಹೊರಟಿತ್ತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಆಮೇಲೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸು ಮಾಡಿತು. 22ಕ್ಕೆ ರಾಷ್ಟ್ರಪತಿಗಳ ಸಹಿ ಬಿತ್ತು. ಕೌಶಲವೋ ಅದೃಷ್ಟವೋ ಅನ್ನುವ ಪ್ರಶ್ನೆಯನ್ನೇ ಆ ಕಾಯ್ದೆ ಪಕ್ಕಕ್ಕಿಟ್ಟಿದೆ. ದುಡ್ಡು ಹಾಕಿ ದುಡ್ಡು ಗೆಲ್ಲುವ ಆನ್‌ಲೈನ್ ಆಟ ನಡೆಸಿದರೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ ಆಗಬಹುದು. ಜಾಹೀರಾತು ಮಾಡಿದವರಿಗೂ ಶಿಕ್ಷೆ ಇದೆ. ಆಡಿದವನಿಗೆ ಇಲ್ಲ. ದೊಡ್ಡ ಕಂಪನಿಗಳು ಕೆಲವೇ ದಿನದಲ್ಲಿ ದುಡ್ಡಿನ ಆಟ ನಿಲ್ಲಿಸಿದವು. ಒಂದು ಕಂಪನಿ ನಮ್ಮ ಹೈಕೋರ್ಟಿಗೇ ಹೋಯಿತು. ಬೇರೆ ಹೈಕೋರ್ಟುಗಳ ಕೇಸುಗಳ ಜೊತೆ ಸುಪ್ರೀಂ ಕೋರ್ಟ್ ಅದನ್ನು ತನ್ನ ಹತ್ತಿರ ತರಿಸಿಕೊಂಡಿತು.

ಈ ಕಾಯ್ದೆ ಪೂರ್ತಿ ಸರಿ ಎಂದು ನಾನು ಹೇಳಲಾರೆ. ಕಣ್ಣಿಗೆ ಕಾಣುವ ಅಂಗಡಿ ಮುಚ್ಚಿದಾಗ ಗಿರಾಕಿಯ ಆಸೆ ಮುಚ್ಚುವುದಿಲ್ಲ. ಕಾನೂನಿಗೆ ಹೆದರುವವರು ಹೊರಗೆ ಹೋದರು. ಹೆದರದವರು ಟೆಲಿಗ್ರಾಂ ಲಿಂಕಿನಲ್ಲಿ ಸಿಗುತ್ತಾರೆ. ಅಲ್ಲಿ ಅಪಾಯವೇ ಬೇರೆ ಥರದ್ದು. ಇಷ್ಟು ಹೊತ್ತು ಹಾಕಿದ ಲೆಕ್ಕವೆಲ್ಲ ಆ್ಯಪಿನವರು ಪ್ರಾಮಾಣಿಕರು ಅನ್ನುವ ನಂಬಿಕೆಯ ಮೇಲೆ ನಿಂತಿತ್ತು. ಇಲ್ಲಿ ಆ ನಂಬಿಕೆಗೆ ಆಧಾರವೇ ಇಲ್ಲ.

ಗುರುತಿಸುವುದು ಕಷ್ಟವಲ್ಲ. ದುಡ್ಡು ಹಾಕುವಾಗ ಯುಪಿಐ ಸ್ಕ್ರೀನಿನಲ್ಲಿ ಬರುವ ಹೆಸರು ನೋಡಿ. ಒಂದು ದಿನ ಯಾವುದೋ ಕಿರಾಣಿ ಅಂಗಡಿ, ಮಾರನೇ ದಿನ ಯಾರದೋ ಸ್ವಂತ ಹೆಸರು. ಅವು ಬಾಡಿಗೆಗೆ ಪಡೆದ ಖಾತೆಗಳು. ಮೊದಲು ಐನೂರು ಗೆಲ್ಲಿಸಿ ಕೇಳಿದ ಕೂಡಲೇ ವಾಪಸ್ ಕೊಡುತ್ತಾರೆ. ನಲವತ್ತು ಸಾವಿರ ಆದಾಗ, "ಮೊದಲು 30 ಪರ್ಸೆಂಟ್ ಟ್ಯಾಕ್ಸ್ ಕಟ್ಟಿ, ಆಮೇಲೆ ಪೂರ್ತಿ ಬರುತ್ತೆ" ಅನ್ನುತ್ತಾರೆ. ಇದನ್ನು ಸರಿಯಾಗಿ ನೆನಪಿಡಿ: ಟಿಡಿಎಸ್ ಅನ್ನುವುದು ಕೊಡುವವನು ಹಿಡಿದುಕೊಂಡು ಉಳಿದದ್ದನ್ನು ಕೊಡುವ ತೆರಿಗೆ. ಕೈಯಿಂದ ಮೊದಲು ಕಟ್ಟು ಅಂದರೆ ಆ ನಲವತ್ತು ಸಾವಿರ ಸ್ಕ್ರೀನಿನ ಮೇಲಿನ ಅಂಕಿ ಮಾತ್ರ.

ದುಡ್ಡು ನಿಜವಾಗಿ ಬಂದರೂ ನೆಮ್ಮದಿ ಇಲ್ಲ. ಅದು ಇನ್ಯಾರೋ ಮೋಸಹೋದವರ ದುಡ್ಡಾಗಿರಬಹುದು. ಅವರು ಬೇರೆ ಯಾವುದೋ ರಾಜ್ಯದಲ್ಲಿ ದೂರು ಕೊಟ್ಟರೆ, ದುಡ್ಡು ಹರಿದ ದಾರಿಯಲ್ಲಿರುವ ಖಾತೆಗಳನ್ನು ಪೊಲೀಸರು ತಡೆಹಿಡಿಸುತ್ತಾರೆ. ನಿಮ್ಮ ಸಂಬಳದ ಖಾತೆಯೂ ಅದರಲ್ಲಿ ಒಂದಾಗಬಹುದು. ಬಿಡಿಸಿಕೊಳ್ಳಲು ಅಲ್ಲಿಗೆ ಓಡಾಡಬೇಕು. ಮೋಸ ಆಗಿದೆ ಎಂದು ಗೊತ್ತಾದ ಕೂಡಲೇ 1930ಕ್ಕೆ ಫೋನ್ ಮಾಡಿ, ಅಥವಾ cybercrime.gov.in ನಲ್ಲಿ ದೂರು ಹಾಕಿ. ತಡ ಮಾಡಿದಷ್ಟೂ ದುಡ್ಡು ಇನ್ನೊಂದು ಖಾತೆಗೆ ಜಾರಿರುತ್ತದೆ.

ಎಲ್ಲ ಮುಗಿದು ಕುರ್ಚಿ ಎತ್ತುವಾಗ ಒಬ್ಬ ಹೆಂಗಸು ಹತ್ತಿರ ಬಂದರು. ಮೆಲ್ಲಗೆ ಕೇಳಿದರು, "ಸಾರ್, ನಮ್ಮ ಯಜಮಾನ್ರು ಬಿಟ್ಟಿದ್ದೀನಿ ಅಂತಾರೆ. ಬಿಟ್ಟಿದ್ದಾರೋ ಇಲ್ವೋ ಹೇಗೆ ಗೊತ್ತಾಗುತ್ತೆ?"

ಫೋನ್ ಕಸಿದುಕೊಂಡು ಜಗಳ ಮಾಡಬೇಡಿ ಎಂದೆ. ಆ್ಯಪ್ ಅಳಿಸಿ ತೋರಿಸುವುದು ಸುಲಭ, ಮತ್ತೆ ಹಾಕಿಕೊಳ್ಳುವುದು ಅದಕ್ಕಿಂತ ಸುಲಭ. ಇಬ್ಬರೂ ಒಟ್ಟಿಗೆ ಕೂತು ಮೂರು ತಿಂಗಳ ಸ್ಟೇಟ್‌ಮೆಂಟ್ ತೆಗೆದು ಎರಡು ಪಟ್ಟಿ ಬರೆಯಿರಿ. ರಾತ್ರಿ ಹತ್ತರ ಮೇಲೆ ಒಂದೇ ಮೊತ್ತ ಮತ್ತೆ ಮತ್ತೆ ಹೋಗಿದೆಯಾ, ಅಪರಿಚಿತ ಹೆಸರುಗಳಿಗೆ ಹೋಗಿದೆಯಾ ನೋಡಿ. ಸಾಲದ ಆ್ಯಪಿನಿಂದ ದುಡ್ಡು ಬಂದು ಅದೇ ಗಂಟೆಯಲ್ಲಿ ಹೊರಗೆ ಹೋಗಿದ್ದರೆ ಅದು ಕೈಮೀರಿದ ಗುರುತು. ಆಗ ಮನೆಯವರ ಮಾತು ಸಾಲದು. ನಿಮ್ಹಾನ್ಸ್‌ನಲ್ಲಿ ಮೊಬೈಲ್ ಚಟಕ್ಕೆಂದೇ 'ಶಟ್' ಅನ್ನುವ ಕ್ಲಿನಿಕ್ 2014ರಿಂದ ಇದೆ. ದೂರದವರು ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಆಕೆ ಬ್ಯಾಗಿನಿಂದ ಕರೆಂಟ್ ಬಿಲ್ ತೆಗೆದು ಅದರ ಹಿಂದೆ 1930, 14416 ಎರಡೂ ನಂಬರ್ ಬರೆದುಕೊಂಡರು. ಆಮೇಲೆ, "ಪಟ್ಟಿಯಲ್ಲಿ ಎಡಗಡೆ ಯಾವುದು ಅಂದ್ರಿ ಸಾರ್?" ಎಂದು ಇನ್ನೊಂದು ಸಲ ಕೇಳಿದರು. ಹೋದದ್ದು ಎಡಗಡೆ, ಬಂದದ್ದು ಬಲಗಡೆ ಎಂದೆ.